ಮಂಡಿ ಬದಲಾಯಿಸುವ ಆಪರೇಷನ್ ಯಾರಿಗೆ, ಯಾವಾಗ?

ಮಂಡಿ ನೋವು ಅಂತ ಹಾಸನಕ್ಕೆ ಬರುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ದೊಡ್ಡ ಎಕ್ಸ್‌ರೇ ಕವರ್ ಇರುತ್ತದೆ. "ಗ್ರೀಸ್ ಪೂರ್ತಿ ಹೋಗಿದೆಯಂತೆ, ಗ್ಯಾಪೇ ಇಲ್ವಂತೆ, ಮಂಡಿ ಚೇಂಜ್ ಮಾಡಿಸಬೇಕಂತೆ" ಅನ್ನುತ್ತಾರೆ. ಗ್ಯಾಪ್ ಇದೆಯೋ ಇಲ್ಲವೋ ಅನ್ನುವುದು ಎಕ್ಸ್‌ರೇಯಲ್ಲಿ ಕಾಣುತ್ತದೆ. ಮಂಡಿ ಬದಲಾಯಿಸಬೇಕೋ ಬೇಡವೋ ಅನ್ನುವುದು ಅದರಲ್ಲಿ ಕಾಣುವುದಿಲ್ಲ.

ನಾನು ಫಿಸಿಯೋಥೆರಪಿಸ್ಟ್. ಆಪರೇಷನ್‌ಗೆ ಮುಂಚೆ ಬರುವವರನ್ನೂ ನೋಡುತ್ತೇನೆ, ಆದಮೇಲೆ ಬರುವವರನ್ನೂ ನೋಡುತ್ತೇನೆ. ಆಪರೇಷನ್ ಆಗಿ ಖುಷಿಯಾಗಿ ಓಡಾಡುವವರು ಜಾಸ್ತಿ. ಆದರೆ "ಯಾಕಾದ್ರೂ ಮಾಡಿಸಿಕೊಂಡೆನೋ" ಅನ್ನುವವರೂ ಇದ್ದಾರೆ. ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲೂ ಇದೇ ಕಾಣುತ್ತದೆ. ಆಪರೇಷನ್ ಮಾಡಿಸಿಕೊಂಡ ಐದು ಜನರಲ್ಲಿ ಹೆಚ್ಚುಕಡಿಮೆ ನಾಲ್ವರಿಗೆ ಸಮಾಧಾನ, ಒಬ್ಬರಿಗೆ ಇಲ್ಲ. ಆ ಒಬ್ಬರ ಆಪರೇಷನ್ ಕೆಟ್ಟಿತ್ತು ಅಂತಲೇ ಅಲ್ಲ. ಎಷ್ಟೋ ಸಲ ಆ ಮಂಡಿಗೆ ಇನ್ನೂ ಆಪರೇಷನ್ ಬೇಕಿರಲಿಲ್ಲ. ಇಲ್ಲವೇ ಅವರು ಬಯಸಿದ್ದನ್ನು ಆ ಆಪರೇಷನ್ ಕೊಡಲು ಸಾಧ್ಯವೇ ಇರಲಿಲ್ಲ.

ಎಕ್ಸ್‌ರೇಯಿಂದಲೇ ಶುರು ಮಾಡೋಣ. ತೊಡೆಮೂಳೆ ಮತ್ತು ಕಾಲಿನ ಮೂಳೆಯ ತುದಿಗಳ ಮೇಲೆ ಕಾರ್ಟಿಲೇಜ್ ಅನ್ನುವ ನುಣುಪಾದ ಪದರ ಇರುತ್ತದೆ. ಅದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಹಾಗಾಗಿ ಆ ಜಾಗ ಖಾಲಿ ಅಂತರದ ಹಾಗೆ ಕಾಣುತ್ತದೆ. ಅದನ್ನೇ ಎಲ್ಲರೂ ಗ್ಯಾಪ್ ಅನ್ನೋದು. ಪದರ ಸವೆದಷ್ಟೂ ಗ್ಯಾಪ್ ಕಡಿಮೆ. ನಮ್ಮಲ್ಲಿ ಬಹಳ ಜನರಿಗೆ ಮೊದಲು ಸವೆಯುವುದು ಮಂಡಿಯ ಒಳಭಾಗ. ಅದಕ್ಕೇ ಕಾಲು ನಿಧಾನಕ್ಕೆ ಬಿಲ್ಲಿನ ಹಾಗೆ ಹೊರಕ್ಕೆ ಬಾಗುತ್ತದೆ. ಈ ಎಕ್ಸ್‌ರೇಯನ್ನು ನಿಂತುಕೊಂಡೇ ತೆಗೆಸಬೇಕು. ಮಲಗಿಸಿ ತೆಗೆದರೆ ಮಂಡಿಯ ಮೇಲೆ ಭಾರ ಇರುವುದಿಲ್ಲ, ಸವೆದ ಮಂಡಿಯಲ್ಲೂ ಗ್ಯಾಪ್ ಇದ್ದಹಾಗೆ ಕಾಣಬಹುದು.

ನಿಂತು ತೆಗೆಸಿದ ಎಕ್ಸ್‌ರೇ ಕೂಡ ನೋವನ್ನು ಅಳೆಯುವುದಿಲ್ಲ. ಗ್ಯಾಪ್ ಪೂರ್ತಿ ಹೋದವರು ಕೆಲವರು ದಿನಾ ತೋಟ ಸುತ್ತಿ ಬರುತ್ತಾರೆ. ಸ್ವಲ್ಪವೇ ಸವೆತ ಇರುವವರು ಕೆಲವರು ರಾತ್ರಿ ನರಳುತ್ತಾರೆ. ಇಲ್ಲಿ ಒಂದು ಎಚ್ಚರ ಬೇಕು. ಎಕ್ಸ್‌ರೇಯಲ್ಲಿ ಸವೆತ ಕಡಿಮೆ ಇದ್ದು ನೋವು ಮಾತ್ರ ವಿಪರೀತ ಇದ್ದರೆ, ಆಪರೇಷನ್ ಆದಮೇಲೂ ಸಮಾಧಾನ ಸಿಗದೇ ಹೋಗುವ ಸಾಧ್ಯತೆ ಹೆಚ್ಚು. ಅಂಥವರಲ್ಲಿ ನೋವಿನ ಮೂಲ ಬೇರೆಲ್ಲೋ ಇರಬಹುದು. ಸೊಂಟದ ಕೀಲು ಕೆಟ್ಟಾಗ ನೋವು ಮಂಡಿಯಲ್ಲೇ ಕಾಣಿಸಿಕೊಳ್ಳುವುದು ಅಪರೂಪವೇನಲ್ಲ. ಬೆನ್ನಿನ ನರ ಒತ್ತಿದಾಗಲೂ ಹಾಗಾಗುತ್ತದೆ. ಮಂಚದ ಮೇಲೆ ಮಲಗಿಸಿ ತೊಡೆಯನ್ನು ಒಳಕ್ಕೆ, ಹೊರಕ್ಕೆ ತಿರುಗಿಸಿ ನೋಡದೆಯೇ ಮಂಡಿ ಆಪರೇಷನ್ ಮಾತಾಡುವವರ ಹತ್ತಿರ ಇನ್ನೊಮ್ಮೆ ಸರಿಯಾಗಿ ಪರೀಕ್ಷೆ ಮಾಡಿ ಅಂತ ಕೇಳುವುದರಲ್ಲಿ ತಪ್ಪಿಲ್ಲ.

ಹಾಗಾದರೆ ತೀರ್ಮಾನ ಹೇಗೆ? ಒಬ್ಬ ಅಮ್ಮನ ಉದಾಹರಣೆ ಇಟ್ಟುಕೊಳ್ಳೋಣ. ನಾನು ಕಟ್ಟಿಕೊಂಡ ಉದಾಹರಣೆಯೇ ಇದು, ಆದರೆ ಇಂಥವರು ನಮ್ಮ ಕಡೆ ಊರೂರಲ್ಲೂ ಇದ್ದಾರೆ. ಮೂಡಿಗೆರೆ ಕಡೆಯವರು, ವಯಸ್ಸು 64. ಎರಡು ಎಕರೆ ರೋಬಸ್ಟಾ ತೋಟ, ನಡುನಡುವೆ ಮೆಣಸಿನ ಬಳ್ಳಿ. ಮನೆ ಇಳಿಜಾರಿನಲ್ಲಿದೆ. ರಸ್ತೆಗೆ ಬರಲು ಕಲ್ಲಿನ ಮೆಟ್ಟಿಲು ಹತ್ತಬೇಕು. ಮನೆಯಲ್ಲಿ ಇರುವುದು ಕುಕ್ಕರಗಾಲಲ್ಲಿ ಕೂರುವ ಶೌಚಾಲಯ. ತೂಕ 74 ಕೆಜಿ. ಸಕ್ಕರೆ ಕಾಯಿಲೆ, ಬಿಪಿ ಎರಡಕ್ಕೂ ಮಾತ್ರೆ ತಗೋತಾರೆ. ಎರಡೂ ಮಂಡಿ ನೋವು, ಬಲಗಡೆ ಜಾಸ್ತಿ. ಎಕ್ಸ್‌ರೇಯಲ್ಲಿ ಬಲಮಂಡಿಯ ಒಳಭಾಗದಲ್ಲಿ ಮೂಳೆಗೆ ಮೂಳೆ ತಾಗಿದೆ. ಎಡಗಡೆ ಇನ್ನೂ ಅಷ್ಟಾಗಿಲ್ಲ.

ಇವರಿಗೆ "ನೋವು ಹತ್ತಕ್ಕೆ ಎಷ್ಟು?" ಅಂತ ಕೇಳಿದರೆ "ಹತ್ತಕ್ಕೆ ಹತ್ತು" ಅನ್ನುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಬೇರೆ ಥರ ಕೇಳಬೇಕು. ಬಸ್ ನಿಲ್ಲುವ ಜಾಗಕ್ಕೆ ಹೋಗುವಾಗ ಎಷ್ಟು ಸಲ ನಿಲ್ಲುತ್ತೀರಿ? ಎರಡು ಸಲ. ಮೆಟ್ಟಿಲನ್ನು ಒಂದೊಂದೇ ಕಾಲಿಟ್ಟು ಹತ್ತುತ್ತೀರಾ, ಎರಡೂ ಕಾಲು ಒಂದೇ ಮೆಟ್ಟಿಲಿಗೆ ತಂದು ಹತ್ತುತ್ತೀರಾ? ಎರಡೂ ತಂದು, ಅದೂ ಗೋಡೆ ಹಿಡಿದು. ರಾತ್ರಿ ಮಂಡಿ ನೋವಿಗೆ ಎಚ್ಚರ ಆಗುತ್ತಾ? ವಾರದಲ್ಲಿ ಮೂರ್ನಾಲ್ಕು ರಾತ್ರಿ. ನೋವಿನ ಮಾತ್ರೆ ಎಷ್ಟು? ಮೆಡಿಕಲ್ ಶಾಪ್‌ನಿಂದ ತಂದು ವಾರಕ್ಕೆ ನಾಲ್ಕೈದು ದಿನ. ಮೊದಲು ಮಾಡುತ್ತಿದ್ದ ಯಾವ ಕೆಲಸ ಬಿಟ್ಟಿದ್ದೀರಿ? ತೋಟದ ಕೆಳಗಿನ ಭಾಗಕ್ಕೆ ಹೋಗಿ ಒಂದು ವರ್ಷದ ಮೇಲಾಯಿತು, ತವರಿಗೆ ಹೋಗುವುದೂ ನಿಂತಿದೆ.

ಈ ಉತ್ತರಗಳಲ್ಲಿ ತೂಕ ಇದೆ. ಓಡಾಡಿದಾಗ ಮಾತ್ರ ಬರುವ ನೋವು ಒಂದು ಹಂತ. ಕೂತರೂ ಮಲಗಿದರೂ ಬಿಡದ ನೋವು ಅದಕ್ಕಿಂತ ಮುಂದಿನ ಹಂತ. ನೋವಿಗೆ ಹೆದರಿ ಹೊರಗೆ ಹೋಗುವುದನ್ನೇ ಬಿಟ್ಟಿದ್ದರೆ ಅದಕ್ಕಿಂತಲೂ ಮುಂದೆ. ಈ ಅಮ್ಮ ಆಪರೇಷನ್ ಬಗ್ಗೆ ಯೋಚಿಸಬೇಕಾದ ಸಾಲಿಗೆ ಬಂದಿದ್ದಾರೆ. ಆದರೆ ಇನ್ನೊಂದು ಪ್ರಶ್ನೆ ಬಾಕಿ ಇದೆ. ಇಲ್ಲಿಯವರೆಗೆ ನಿಜವಾಗಿ ಏನು ಮಾಡಿ ನೋಡಿದ್ದಾರೆ?

"ಎಲ್ಲಾ ಮಾಡಿ ಆಯ್ತು" ಅನ್ನುತ್ತಾರೆ. ವಿಚಾರಿಸಿದರೆ ಎಣ್ಣೆ ಹಚ್ಚಿದ್ದಾರೆ, ಮಂಡಿಗೆ ಬಟ್ಟೆಯ ಪಟ್ಟಿ ಹಾಕಿದ್ದಾರೆ, ಒಂದು ಇಂಜೆಕ್ಷನ್ ತಗೊಂಡಿದ್ದಾರೆ, ಹತ್ತು ದಿನ ಕರೆಂಟ್ ಕೊಡಿಸಿಕೊಂಡಿದ್ದಾರೆ. ಕರೆಂಟ್ ಕೊಡಿಸಿಕೊಂಡದ್ದನ್ನೇ ಫಿಸಿಯೋಥೆರಪಿ ಅಂದುಕೊಂಡಿದ್ದಾರೆ. ತೊಡೆಯ ಸ್ನಾಯುವಿಗೆ ಬಲ ಬರುವ ವ್ಯಾಯಾಮವನ್ನು ಮೂರು ತಿಂಗಳು ಬಿಡದೆ ಮಾಡಿದವರು ಬಹಳ ಕಡಿಮೆ. ಅದು ಅವರ ತಪ್ಪಲ್ಲ, ಹೇಗೆ ಮಾಡಬೇಕು ಅಂತ ಪಕ್ಕದಲ್ಲಿ ನಿಂತು ತೋರಿಸಿದವರು ಇರುವುದಿಲ್ಲ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ಡೆನ್ಮಾರ್ಕ್‌ನಲ್ಲಿ ನಡೆದ ಒಂದು ಪ್ರಯೋಗದ ಫಲಿತಾಂಶ 2015ರಲ್ಲಿ ಬಂತು. ಮಂಡಿ ಬದಲಾಯಿಸಬಹುದು ಅಂತ ತೀರ್ಮಾನವಾಗಿದ್ದ 100 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆಪರೇಷನ್, ಆಮೇಲೆ 12 ವಾರ ವ್ಯಾಯಾಮ, ತೂಕ ಇಳಿಸುವ ಸಲಹೆ, ಅಗತ್ಯ ಇದ್ದಷ್ಟು ಮಾತ್ರೆ. ಇನ್ನೊಂದು ಗುಂಪಿಗೆ ಆಪರೇಷನ್ ಬಿಟ್ಟು ಉಳಿದದ್ದೆಲ್ಲ. ಒಂದು ವರ್ಷದ ಮೇಲೆ ನೋಡಿದರೆ ಆಪರೇಷನ್ ಆದವರ ಸುಧಾರಣೆ ಸುಮಾರು ಎರಡರಷ್ಟು ಇತ್ತು. ಅಂದರೆ ಆಪರೇಷನ್ ಕೆಲಸ ಮಾಡುತ್ತದೆ, ಚೆನ್ನಾಗಿಯೇ ಮಾಡುತ್ತದೆ. ಆದರೆ ಆಪರೇಷನ್ ಇಲ್ಲದ ಗುಂಪಿನವರೂ ಸುಧಾರಿಸಿದ್ದರು. ಅವರಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ಆ ಒಂದು ವರ್ಷದಲ್ಲಿ ಆಪರೇಷನ್ ಕೇಳಲೇ ಇಲ್ಲ. ದೊಡ್ಡ ತೊಂದರೆಗಳು ಆಪರೇಷನ್ ಗುಂಪಿನಲ್ಲೇ ಜಾಸ್ತಿ ಇದ್ದವು. ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಮೂರು ತಿಂಗಳು ಪ್ರಾಮಾಣಿಕವಾಗಿ ವ್ಯಾಯಾಮ ಮಾಡಿದರೆ ಕೆಲವರಿಗೆ ಆಪರೇಷನ್ ವರ್ಷಗಟ್ಟಲೆ ಮುಂದಕ್ಕೆ ಹೋಗುತ್ತದೆ. ಉಳಿದವರಿಗೆ ಅದು ಆಪರೇಷನ್‌ಗೆ ತಯಾರಿ ಆಗುತ್ತದೆ.

ನಮ್ಮ ಅಮ್ಮನಿಗೆ ಎರಡೇ ವ್ಯಾಯಾಮ ಸಾಕು. ಮೊದಲನೆಯದಕ್ಕೆ ಮಂಚದ ಮೇಲೆ ಕಾಲು ಚಾಚಿ ಕೂತು, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಡುವುದು. ಟವೆಲನ್ನು ಮಂಡಿಯ ಹಿಂಭಾಗದಿಂದ ಕೆಳಕ್ಕೆ ಒತ್ತಿ ಐದು ಎಣಿಸುವಷ್ಟು ಹೊತ್ತು ಹಿಡಿದು ಬಿಡುವುದು. ತೊಡೆಯ ಮೇಲೆ ಕೈ ಇಟ್ಟರೆ ಸ್ನಾಯು ಗಟ್ಟಿಯಾಗುವುದು ಗೊತ್ತಾಗಬೇಕು, ಇಲ್ಲದಿದ್ದರೆ ಸುಮ್ನೆ ಹಿಮ್ಮಡಿ ಒತ್ತುತ್ತಿದ್ದಾರೆ ಅಂತ ಅರ್ಥ. ಎರಡನೆಯದು ಕುರ್ಚಿಯಿಂದ ಏಳುವುದು. ಮೊದಲು ಎತ್ತರದ ಕುರ್ಚಿ, ಕೈ ಊರದೆ ನಿಧಾನಕ್ಕೆ ಎದ್ದು, ಅದಕ್ಕಿಂತ ನಿಧಾನಕ್ಕೆ ಕೂರುವುದು. ಹತ್ತು ಸಲ ಸುಲಭ ಆದಮೇಲೆ ಸ್ವಲ್ಪ ತಗ್ಗಿನ ಕುರ್ಚಿ. ಮಾಡುವಾಗ ಸ್ವಲ್ಪ ನೋವು ಬರುತ್ತದೆ, ಹೆದರಬೇಕಾಗಿಲ್ಲ. ಮಾರನೇ ದಿನ ಬೆಳಗ್ಗೆಗೆ ಆ ಹೆಚ್ಚಿನ ನೋವು ಇಳಿದಿದ್ದರೆ ಸರಿ. ಮಂಡಿ ಊದಿಕೊಂಡು ನೋವು ಹಾಗೇ ಉಳಿದಿದ್ದರೆ ಮಾತ್ರ ಲೆಕ್ಕ ಕಡಿಮೆ ಮಾಡಬೇಕು.

ಇನ್ನು ಕೋಲು. ಬಲಮಂಡಿ ನೋವಿದ್ದರೆ ಕೋಲು ಎಡಗೈಯಲ್ಲಿ ಇರಬೇಕು. ಮುಕ್ಕಾಲುಪಾಲು ಜನ ನೋವಿರುವ ಕಡೆಯೇ ಹಿಡಿಯುತ್ತಾರೆ. ಬಲಗಾಲು ಮುಂದಿಡುವಾಗಲೇ ಎಡಗೈಯ ಕೋಲೂ ಮುಂದೆ ಬಂದರೆ ಭಾರ ಹಂಚಿಹೋಗುತ್ತದೆ. ಮರ್ಯಾದೆಯ ಪ್ರಶ್ನೆ ಅಂತ ಕೋಲು ಹಿಡಿಯದವರು ಬಹಳ. ಛತ್ರಿ ಹಿಡಿದರೂ ಆಗುತ್ತದೆ ಅಂತ ನಾನು ಹೇಳುತ್ತೇನೆ, ಮಲೆನಾಡಿನಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಗಟ್ಟಿ ಕಾವಿನ ಉದ್ದ ಛತ್ರಿ ಆಗಿರಬೇಕು, ತುದಿಗೆ ರಬ್ಬರ್ ಬುಷ್ ಹಾಕಿಸಿರಬೇಕು.

ತೂಕದ ಲೆಕ್ಕ ತುಂಬಾ ಜನರಿಗೆ ಗೊತ್ತಿಲ್ಲ. ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕೆಜಿ ಕಡಿಮೆಯಾಗುತ್ತದೆ. ಈ ಅಮ್ಮ 5 ಕೆಜಿ ಇಳಿಸಿದರೆ ಹೆಜ್ಜೆಗೆ 20 ಕೆಜಿ. "ನಡೆಯೋಕೇ ಆಗಲ್ಲ, ತೂಕ ಹೇಗೆ ಇಳಿಸಲಿ?" ಅನ್ನುವುದು ನ್ಯಾಯವಾದ ಮಾತು. ತೂಕ ಇಳಿಯುವುದು ಬಹುಪಾಲು ತಟ್ಟೆಯಲ್ಲೇ. ರಾತ್ರಿಯ ಅನ್ನ ಅರ್ಧ ಮಾಡಿ, ಹೊತ್ತುಹೊತ್ತಿಗೆ ಕುಡಿಯುವ ಕಾಫಿಗೆ ಸಕ್ಕರೆ ಬಿಟ್ಟರೆ ಮೂರು ತಿಂಗಳಲ್ಲಿ ಮೂರ್ನಾಲ್ಕು ಕೆಜಿ ಇಳಿಸಿದವರನ್ನು ನೋಡಿದ್ದೇನೆ. ಸಕ್ಕರೆ ಕಾಯಿಲೆಗೆ ಮಾತ್ರೆ ತಗೋತಿರುವವರು ಊಟ ಕಡಿಮೆ ಮಾಡುವ ಮುಂಚೆ ಡಾಕ್ಟರಿಗೆ ಹೇಳಿರಬೇಕು, ಮಾತ್ರೆಯ ಪ್ರಮಾಣ ಬದಲಾಯಿಸಬೇಕಾಗಬಹುದು.

ಮಾತ್ರೆಯ ವಿಚಾರದಲ್ಲಿ ನನಗೆ ನಿಜಕ್ಕೂ ಭಯ ಇದೆ. ಮೆಡಿಕಲ್ ಶಾಪ್‌ನಲ್ಲಿ ಮಂಡಿ ನೋವಿಗೆ ಅಂತ ಸಿಗುವ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಥರದ ಮಾತ್ರೆಗಳು ಹೊಟ್ಟೆಯಲ್ಲಿ ಹುಣ್ಣು ಮಾಡಬಹುದು, ಬಿಪಿ ಏರಿಸಬಹುದು, ಕಿಡ್ನಿಗೆ ಪೆಟ್ಟು ಕೊಡಬಹುದು. ಸಕ್ಕರೆ ಕಾಯಿಲೆ, ಬಿಪಿ ಇರುವವರಲ್ಲಿ ಈ ಅಪಾಯ ಇನ್ನೂ ಜಾಸ್ತಿ. ಈ ಅಮ್ಮ ಮೊದಲು ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಬೇಕು. ಅದೇ ಔಷಧ ಹಚ್ಚುವ ಜೆಲ್ ರೂಪದಲ್ಲಿ ಬರುತ್ತದೆ. ಮಂಡಿಗೆ ಅದು ಕೆಲಸ ಮಾಡುತ್ತದೆ, ರಕ್ತಕ್ಕೆ ಸೇರುವುದು ತುಂಬಾ ಕಡಿಮೆ. ಆಪರೇಷನ್ ಬೇಡ ಅಂತ ವರ್ಷಗಟ್ಟಲೆ ಮಾತ್ರೆ ನುಂಗಿ ಕಿಡ್ನಿ ಕಳೆದುಕೊಳ್ಳುವುದು ಯಾವ ಲೆಕ್ಕದಲ್ಲೂ ಲಾಭ ಅಲ್ಲ. ವಾರದಲ್ಲಿ ನಾಲ್ಕೈದು ದಿನ ಮಾತ್ರೆ ಇಲ್ಲದೆ ಆಗುವುದೇ ಇಲ್ಲ ಅನ್ನುವುದು ಆಪರೇಷನ್ ಕಡೆಗೆ ಬೀಳುವ ಒಂದು ತೂಕ.

ಇಂಜೆಕ್ಷನ್‌ಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ನೋವು ಇಳಿಸುತ್ತದೆ. ಮದುವೆಯೋ ಕೊಯ್ಲೋ ಇದೆ, ಸ್ವಲ್ಪ ದಿನ ಸುಧಾರಿಸಬೇಕು ಅನ್ನುವವರಿಗೆ ಸರಿ. ಸಕ್ಕರೆ ಕಾಯಿಲೆಯವರಿಗೆ ಕೆಲವು ದಿನ ಸಕ್ಕರೆ ಏರುತ್ತದೆ. ಇಂಜೆಕ್ಷನ್ ತಗೊಂಡ ಮೂರು ತಿಂಗಳೊಳಗೆ ಆಪರೇಷನ್ ಮಾಡಿದರೆ ಸೋಂಕಿನ ಅಪಾಯ ಹೆಚ್ಚುತ್ತದೆ, ಹಾಗಾಗಿ ದಿನಾಂಕ ನೆನಪಿಟ್ಟುಕೊಂಡು ಸರ್ಜನ್‌ಗೆ ಹೇಳಲೇಬೇಕು. "ಗ್ರೀಸ್ ತುಂಬುವ" ಜೆಲ್ ಇಂಜೆಕ್ಷನ್‌ನಿಂದ ಹೇಳಿಕೊಳ್ಳುವಷ್ಟು ಲಾಭ ದೊಡ್ಡ ಪರೀಕ್ಷೆಗಳಲ್ಲಿ ಕಂಡಿಲ್ಲ. ನಮ್ಮದೇ ರಕ್ತ ತೆಗೆದು ಕೊಡುವ ಪಿಆರ್‌ಪಿ ಇಂಜೆಕ್ಷನ್ ಉಪ್ಪುನೀರಿನ ಇಂಜೆಕ್ಷನ್‌ಗಿಂತ ಮೇಲಲ್ಲ ಅಂತ ಆಸ್ಟ್ರೇಲಿಯಾದಲ್ಲಿ ನಡೆದ ದೊಡ್ಡ ಪರೀಕ್ಷೆ 2021ರಲ್ಲಿ ತೋರಿಸಿತು. ಸವೆತದ ಮಂಡಿಗೆ ತೂತು ಹಾಕಿ "ಕ್ಲೀನ್ ಮಾಡುವ" ಆಪರೇಷನ್ ಕೂಡ 2002ರಲ್ಲೇ ಅಮೆರಿಕದ ಪರೀಕ್ಷೆಯಲ್ಲಿ ಸೋತಿತು. ಅಲ್ಲಿ ಬರೀ ಚರ್ಮ ಕೊಯ್ದು ಹೊಲಿದು ಕಳಿಸಿದವರೂ, ನಿಜವಾಗಿ ಕ್ಲೀನ್ ಮಾಡಿಸಿಕೊಂಡವರೂ ಒಂದೇ ಥರ ಇದ್ದರು. ಇವಕ್ಕೆ ದುಡ್ಡು ಸುರಿಯುವ ಬದಲು ಅದೇ ದುಡ್ಡಲ್ಲಿ ಮನೆಗೆ ಕಮೋಡ್ ಹಾಕಿಸಿ, ಮೆಟ್ಟಿಲಿಗೆ ಕಬ್ಬಿಣದ ಕಂಬಿ ಹಾಕಿಸಿ ಅನ್ನುತ್ತೇನೆ ನಾನು.

ಈಗ ಆಪರೇಷನ್ ಏನು ಕೊಡುತ್ತದೆ, ಏನು ಕೊಡುವುದಿಲ್ಲ ಅನ್ನುವ ವಿಚಾರಕ್ಕೆ ಬರೋಣ. ಮಂಡಿ ಬದಲಾಯಿಸುವುದು ಅಂದರೆ ಇಡೀ ಮಂಡಿ ತೆಗೆದುಹಾಕುವುದಲ್ಲ. ಹುಳುಕು ಹಲ್ಲನ್ನು ಉಜ್ಜಿ ಕ್ಯಾಪ್ ಹಾಕುವ ಹಾಗೆ, ಸವೆದ ಮೂಳೆಯ ತುದಿಯನ್ನು ಸುಮಾರು ಒಂದು ಸೆಂಟಿಮೀಟರ್ ದಪ್ಪಕ್ಕೆ ಕೊಯ್ದು ತೆಗೆದು, ತೊಡೆಮೂಳೆಗೆ ಲೋಹದ ಹೊದಿಕೆ ಹಾಕುತ್ತಾರೆ. ಕೆಳಗಿನ ಮೂಳೆಗೆ ಲೋಹದ ತಟ್ಟೆ ಕೂರಿಸಿ, ನಡುವೆ ಗಟ್ಟಿ ಪ್ಲಾಸ್ಟಿಕ್ ಇಡುತ್ತಾರೆ. ಬಾಗಿದ ಕಾಲು ನೇರ ಆಗುತ್ತದೆ. ಮೂಳೆಗೆ ಮೂಳೆ ಉಜ್ಜುವ ನೋವು ಹೋಗುತ್ತದೆ.

ಈ ಅಮ್ಮನನ್ನು "ನಿಮಗೆ ಏನು ಬೇಕು?" ಅಂತ ಕೇಳಿದರೆ ಆರು ಮಾತು ಹೇಳುತ್ತಾರೆ. ರಾತ್ರಿ ನಿದ್ದೆ ಬರಬೇಕು. ಬಸ್ ಹತ್ತಿ ತವರಿಗೆ ಹೋಗಬೇಕು. ಮೆಟ್ಟಿಲು ಹತ್ತಬೇಕು. ತೋಟದಲ್ಲಿ ಕೂತು ಕಳೆ ಕೀಳಬೇಕು. ದೇವರ ಮುಂದೆ ನೆಲದ ಮೇಲೆ ಕೂತು ಪೂಜೆ ಮಾಡಬೇಕು. ಶೌಚಾಲಯ ಮೊದಲಿನಂತೆಯೇ ಬಳಸಬೇಕು. ಮೊದಲ ಮೂರನ್ನು ಹೊಸ ಮಂಡಿ ಬಹುತೇಕ ಕೊಡುತ್ತದೆ. ಉಳಿದ ಮೂರನ್ನು ಕೊಡುತ್ತದೆ ಅಂತ ನಂಬಿಕೊಂಡು ಹೋಗಬಾರದು. ಆಪರೇಷನ್ ಆದ ಮಂಡಿ ಸಾಮಾನ್ಯವಾಗಿ 110ರಿಂದ 120 ಡಿಗ್ರಿ ಮಡಚುತ್ತದೆ. ಕುರ್ಚಿ, ಮೆಟ್ಟಿಲು, ಬಸ್ಸಿಗೆ ಅಷ್ಟು ಸಾಕು. ಕುಕ್ಕರಗಾಲಲ್ಲಿ ಕೂರಲು ಅದಕ್ಕಿಂತ ಬಹಳ ಜಾಸ್ತಿ ಮಡಚಬೇಕು. ಕೆಲವರು ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ, ನಿಜ. ಆದರೆ ಬಹಳ ಸರ್ಜನ್‌ಗಳು ಅದು ಬೇಡ ಅನ್ನುತ್ತಾರೆ, ನೆಲದಿಂದ ಏಳುವುದೂ ಕಷ್ಟ. ಮಂಡಿ ಊರುವುದರಿಂದ ಒಳಗಿನ ಲೋಹಕ್ಕೆ ಏನೂ ಆಗುವುದಿಲ್ಲ, ಆದರೂ ಅನೇಕರಿಗೆ ಹಿತ ಅನಿಸುವುದಿಲ್ಲ. ಗಾಯದ ಪಕ್ಕದ ಚರ್ಮ ಜೋಮು ಹಿಡಿದಂತೆ ಇರುತ್ತದೆ, ನಡೆಯುವಾಗ ಟಕ್ ಅನ್ನುವ ಸದ್ದು ಬರಬಹುದು. ಇವು ಬಹಳ ಜನರಿಗೆ ಆಗುವಂಥದ್ದೇ.

ನನ್ನ ಅನುಭವದಲ್ಲಿ ಬೇಸರಪಟ್ಟುಕೊಳ್ಳುವವರು ಹೆಚ್ಚಾಗಿ ಈ ಎರಡನೇ ಮೂರನ್ನು ನಿರೀಕ್ಷೆ ಮಾಡಿದವರು. ಅದಕ್ಕೇ ಆಪರೇಷನ್‌ಗೆ ಒಪ್ಪುವ ಮುಂಚೆ ಇಂಥ ಒಂದು ಪಟ್ಟಿ ಬರೆದು, ಒಂದೊಂದನ್ನೂ ಸರ್ಜನ್‌ಗೆ ತೋರಿಸಿ, "ಇದು ಆಗುತ್ತಾ?" ಅಂತ ಕೇಳಿ. ಹೌದು, ಇಲ್ಲ ಅಂತ ಉತ್ತರ ಬರಬೇಕು. "ಎಲ್ಲಾ ಸರಿ ಹೋಗುತ್ತೆ" ಅನ್ನುವುದು ಉತ್ತರ ಅಲ್ಲ.

ಅಪಾಯವನ್ನೂ ನೇರವಾಗಿ ಹೇಳಬೇಕು. ಒಳಗೆ ಕೂತ ಲೋಹಕ್ಕೆ ಸೋಂಕು ತಗಲುವುದು ನೂರರಲ್ಲಿ ಒಬ್ಬಿಬ್ಬರಿಗೆ. ಸಂಖ್ಯೆ ಚಿಕ್ಕದು, ಆದರೆ ತಗಲಿದರೆ ಮತ್ತೆ ತೆರೆಯಬೇಕು, ಕೆಲವರಿಗೆ ಹಾಕಿದ್ದನ್ನೇ ತೆಗೆದು ತಿಂಗಳುಗಟ್ಟಲೆ ಔಷಧ ಕೊಟ್ಟು ಮತ್ತೆ ಹಾಕಬೇಕು. ಮೀನಖಂಡದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಮಂಡಿ ಬಿಗಿದುಕೊಳ್ಳಬಹುದು. ಚೇತರಿಕೆಯೂ ಜಾಹೀರಾತಿನಲ್ಲಿ ತೋರಿಸುವಷ್ಟು ಸಲೀಸಲ್ಲ. ಅದೇ ದಿನ ಅಥವಾ ಮಾರನೇ ದಿನ ವಾಕರ್ ಹಿಡಿದು ನಡೆಸುತ್ತಾರೆ, ಅದು ನಿಜ. ಆದರೆ ಮೊದಲ ಎರಡು ಮೂರು ವಾರ ನೋವು ಗಟ್ಟಿಯಾಗಿಯೇ ಇರುತ್ತದೆ, ವ್ಯಾಯಾಮ ಆ ನೋವಿನಲ್ಲೇ ಮಾಡಬೇಕು. ಕೋಲು ಬಿಟ್ಟು ನಡೆಯಲು ಆರು ವಾರದ ಆಚೀಚೆ. ಊತ, ಬಿಸಿ ತಿಂಗಳುಗಟ್ಟಲೆ. ಪೂರ್ತಿ ಫಲ ಸಿಗಲು ಒಂದು ವರ್ಷದವರೆಗೂ ಬೇಕು.

ವಯಸ್ಸಿನ ಪ್ರಶ್ನೆ ಎರಡು ಕಡೆಯಿಂದಲೂ ಬರುತ್ತದೆ. "ಈಗಲೇ ಮಾಡಿಸಿದರೆ ಹತ್ತು ವರ್ಷಕ್ಕೆ ಮತ್ತೆ ಮಾಡಿಸಬೇಕಂತೆ" ಅನ್ನುವುದು ಹಳೇ ಮಾತು. ಅನೇಕ ವರ್ಷಗಳ ದಾಖಲೆ ಇಟ್ಟ ದೇಶಗಳ ಲೆಕ್ಕದಲ್ಲಿ, ಹಾಕಿದ ನೂರು ಮಂಡಿಗಳಲ್ಲಿ ಸುಮಾರು 82 ಮಂಡಿ 25 ವರ್ಷ ಕಳೆದರೂ ಇವೆ. ಆದರೆ ಯಾರು ಎಷ್ಟು ವಯಸ್ಸಿನಲ್ಲಿ ಹಾಕಿಸಿಕೊಂಡರು ಅನ್ನುವುದರ ಮೇಲೆ ಇದು ಬದಲಾಗುತ್ತದೆ. ಬ್ರಿಟನ್ನಿನ 2017ರ ಲೆಕ್ಕದ ಪ್ರಕಾರ, 70 ದಾಟಿದ ಮೇಲೆ ಮಾಡಿಸಿಕೊಂಡವರಲ್ಲಿ ಜೀವಮಾನದಲ್ಲಿ ಮತ್ತೊಂದು ಆಪರೇಷನ್ ಬೇಕಾಗುವುದು ನೂರಕ್ಕೆ ಸುಮಾರು ಐದು ಜನರಿಗೆ. 50ರ ಆರಂಭದಲ್ಲೇ ಮಾಡಿಸಿಕೊಂಡ ಗಂಡಸರಲ್ಲಿ ಅದು ನೂರಕ್ಕೆ ಸುಮಾರು 35. ಎರಡನೇ ಸಲದ ಆಪರೇಷನ್ ಮೊದಲಿನದಕ್ಕಿಂತ ದೊಡ್ಡದು, ಫಲ ಕಡಿಮೆ. ಅದಕ್ಕೇ 50ರ ಆಸುಪಾಸಿನವರು, ಅದರಲ್ಲೂ ಮಂಡಿಯ ಒಂದೇ ಬದಿ ಸವೆದವರು, ಇಡೀ ಮಂಡಿ ಬದಲಾಯಿಸುವ ಮುಂಚೆ ಬೇರೆ ಎರಡು ದಾರಿ ಕೇಳಬೇಕು. ಒಂದು, ಕೆಳಗಿನ ಮೂಳೆಯನ್ನು ಕೊಯ್ದು ಕಾಲು ನೇರ ಮಾಡಿ ಭಾರವನ್ನು ಚೆನ್ನಾಗಿರುವ ಬದಿಗೆ ತಿರುಗಿಸುವ ಆಪರೇಷನ್. ಇನ್ನೊಂದು, ಸವೆದ ಅರ್ಧಕ್ಕೆ ಮಾತ್ರ ಲೋಹ ಹಾಕುವ ಅರ್ಧ ಮಂಡಿ ಬದಲಾವಣೆ.

ಇನ್ನೊಂದು ಕಡೆ, "ಎಂಬತ್ತಾಯ್ತು, ಇನ್ನೇನು ಮಾಡಿಸೋದು" ಅಂತ ಮಕ್ಕಳು ಹೇಳುತ್ತಾರೆ. ಹೃದಯ, ಶ್ವಾಸಕೋಶ, ಕಿಡ್ನಿ ತಡೆದುಕೊಳ್ಳುವಂತಿದ್ದರೆ ಎಂಬತ್ತು ಅನ್ನುವ ಸಂಖ್ಯೆಯೇ ಅಡ್ಡಿಯಲ್ಲ. ನೋವಿನಿಂದ ಮನೆಯ ಮೂಲೆ ಸೇರಿದ ಅಜ್ಜಿಗೆ ಉಳಿದ ವರ್ಷಗಳು ನಡೆದಾಡಿಕೊಂಡು ಕಳೆಯಲು ಸಿಗುವುದು ಸಣ್ಣ ಲಾಭವಲ್ಲ.

ತಡ ಮಾಡಿದರೆ ಏನಾಗುತ್ತದೆ? ಮಂಡಿ ಸವೆತ ತುರ್ತಿನ ಕಾಯಿಲೆ ಅಲ್ಲ. "ಈ ತಿಂಗಳೇ ಮಾಡಿಸಿ, ಇಲ್ಲ ಅಂದ್ರೆ ಕಾಲೇ ಹೋಗುತ್ತೆ" ಅನ್ನುವ ಮಾತಿಗೆ ಹೆದರಬೇಡಿ. ಮೂರು ತಿಂಗಳು, ಆರು ತಿಂಗಳು ವ್ಯಾಯಾಮಕ್ಕೆ ಕೊಟ್ಟರೆ ಏನೂ ಕೆಡುವುದಿಲ್ಲ. ಆದರೆ ಒಂದು ಗುರುತು ಕಂಡರೆ ಕಾಯಬಾರದು. ಮಂಚದ ಮೇಲೆ ಕಾಲು ಚಾಚಿದಾಗ ಮಂಡಿಯ ಹಿಂಭಾಗ ಹಾಸಿಗೆಗೆ ತಾಗದೆ ಮಡಚಿಕೊಂಡೇ ಉಳಿದರೆ, ಆ ಅಂತರ ತಿಂಗಳಿಂದ ತಿಂಗಳಿಗೆ ಹೆಚ್ಚಾದರೆ, ಕಾಲಿನ ಬಾಗು ಹೆಚ್ಚುತ್ತಾ ನಡೆಯುವಾಗ ಮಂಡಿ ಪಕ್ಕಕ್ಕೆ ವಾಲಿದರೆ, ಸಮಯ ಮೀರುತ್ತಿದೆ ಅಂತ ಅರ್ಥ. ಹಾಗೆ ಬಿಗಿದು, ತೊಡೆ ಸೊರಗಿದ ಮೇಲೆ ಮಾಡಿದ ಆಪರೇಷನ್ ಕಷ್ಟ, ಫಲವೂ ಕಡಿಮೆ. ಇನ್ನು ಮಂಡಿ ಇದ್ದಕ್ಕಿದ್ದಂತೆ ಕೆಂಪಾಗಿ, ಊದಿ, ಜ್ವರ ಬಂದರೆ ಅದು ಸವೆತದ ಮಾತೇ ಅಲ್ಲ. ಅವತ್ತೇ ಆಸ್ಪತ್ರೆಗೆ ಹೋಗಬೇಕು.

ನಮ್ಮ ಅಮ್ಮನ ಲೆಕ್ಕಕ್ಕೆ ವಾಪಸ್ ಬರೋಣ. ಆಗಸ್ಟ್‌ನಲ್ಲಿ ಶುರು ಮಾಡಿ ನವೆಂಬರ್ ಹೊತ್ತಿಗೆ ಮೂರು ತಿಂಗಳ ವ್ಯಾಯಾಮ ಆಯಿತು ಅಂದುಕೊಳ್ಳಿ. ತೂಕ 4 ಕೆಜಿ ಇಳಿದಿದೆ. ಎಡಮಂಡಿ ನೋವು ಹೆಚ್ಚುಕಡಿಮೆ ಹೋಗಿದೆ, ಅಂದರೆ ಆ ಮಂಡಿಗೆ ಆಪರೇಷನ್ ಮಾತೇ ಬೇಡ. ಬಸ್ಸಿಗೆ ಹೋಗುವಾಗ ಎರಡು ಸಲದ ಬದಲು ಒಂದು ಸಲ ನಿಲ್ಲುತ್ತಾರೆ. ಆದರೆ ಬಲಮಂಡಿ ಈಗಲೂ ವಾರಕ್ಕೆ ಮೂರು ರಾತ್ರಿ ಎಬ್ಬಿಸುತ್ತದೆ, ಮಾತ್ರೆ ಪೂರ್ತಿ ನಿಂತಿಲ್ಲ. ಎಕ್ಸ್‌ರೇಯಲ್ಲಿ ಪೂರ್ತಿ ಸವೆತ, ಬದುಕಿಗೆ ಅಡ್ಡಿ ಮಾಡುವ ನೋವು, ಪ್ರಾಮಾಣಿಕ ಪ್ರಯತ್ನದ ಮೇಲೂ ಉಳಿದ ತೊಂದರೆ, 64ರ ವಯಸ್ಸು. ನಿದ್ದೆ, ಬಸ್ಸು, ಮೆಟ್ಟಿಲು ಸಿಕ್ಕರೆ ಸಾಕು, ಕಳೆ ಕೀಳುವುದಕ್ಕೆ ಆಳು ಇಡುತ್ತೇನೆ, ಪೂಜೆಗೆ ಸ್ಟೂಲ್ ಇಡುತ್ತೇನೆ ಅಂತ ಅವರೇ ಹೇಳುತ್ತಾರೆ. ಈಗ ಬಲಮಂಡಿಗೆ ಆಪರೇಷನ್ ಸರಿಯಾದ ಹೆಜ್ಜೆ. ಒಂದೇ ಮಂಡಿಗೆ. "ಎರಡೂ ಒಟ್ಟಿಗೆ ಮಾಡಿಸಿಬಿಡಿ, ಖರ್ಚು ಉಳಿಯುತ್ತೆ" ಅಂತ ಯಾರಾದರೂ ಅಂದರೆ ಒಪ್ಪಬೇಕಾಗಿಲ್ಲ. ಒಟ್ಟಿಗೆ ಮಾಡಿದರೆ ಹೃದಯ, ಶ್ವಾಸಕೋಶದ ಮೇಲೆ ಹೊರೆ ಜಾಸ್ತಿ, ಇವರ ಎಡಮಂಡಿಗಂತೂ ಅದರ ಅಗತ್ಯವೇ ಇಲ್ಲ.

ಇಲ್ಲಿಂದ ಮುಂದೆ ದಿನಾಂಕ ಗೊತ್ತು ಮಾಡುವ ಕೆಲಸ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಇವರಿಗೆ 8.6 ಇದೆ. ಅದು 8ರ ಒಳಗೆ, ಸಾಧ್ಯವಾದರೆ 7.5ರ ಹತ್ತಿರ ಬರಬೇಕು, ಇಲ್ಲದಿದ್ದರೆ ಸೋಂಕಿನ ಅಪಾಯ ಏರುತ್ತದೆ. ಹುಳುಕು ಹಲ್ಲು, ಮೂತ್ರದ ಸೋಂಕು, ಹಿಮ್ಮಡಿಯ ಬಿರುಕು, ಬೆರಳ ಸಂದಿನ ಕೆಸರುಹುಣ್ಣು ಇವೆಲ್ಲ ಮೊದಲು ವಾಸಿಯಾಗಬೇಕು. ಮಳೆಗಾಲ ಇಡೀ ಕೆಸರಲ್ಲಿ ಓಡಾಡುವ ನಮ್ಮ ಕಡೆಯವರ ಪಾದವನ್ನು ಬಟ್ಟೆ ಸರಿಸಿ, ಬೆರಳು ಬಿಡಿಸಿ ನೋಡಬೇಕು. ರೋಬಸ್ಟಾ ಕೊಯ್ಲು ಮುಗಿಯುವುದು ಫೆಬ್ರವರಿ ಹೊತ್ತಿಗೆ. ಮಾರ್ಚ್ ಮೊದಲಲ್ಲಿ ಆಪರೇಷನ್ ಆದರೆ ಜೂನ್‌ನಲ್ಲಿ ಮಳೆ ಹಿಡಿಯುವ ಹೊತ್ತಿಗೆ ಮೂರು ತಿಂಗಳು ಕಳೆದಿರುತ್ತದೆ. ಪಾಚಿ ಕಟ್ಟಿದ ಅಂಗಳದಲ್ಲಿ ವಾಕರ್ ಹಿಡಿದು ನಡೆಯುವ ಪರಿಸ್ಥಿತಿ ಬರುವುದಿಲ್ಲ. ಕಮೋಡ್ ಆಪರೇಷನ್‌ಗೆ ಮುಂಚೆಯೇ ಹಾಕಿಸಿರಬೇಕು. ಮನೆಗೆ ಬಂದ ದಿನ ಗಾರೆಯವರನ್ನು ಹುಡುಕುವ ಹಾಗೆ ಆಗಬಾರದು.

ಎಲ್ಲಿ ಮಾಡಿಸುವುದು ಅನ್ನುವಾಗ ಹೆಸರು ನೋಡುವಷ್ಟೇ ದೂರವನ್ನೂ ನೋಡಿ. ಮಂಗಳೂರಿಗೋ ಬೆಂಗಳೂರಿಗೋ ಹೋದರೆ ಹತ್ತನೇ ದಿನ ಗಾಯ ಒಸರಿದಾಗ ಯಾರು ನೋಡುತ್ತಾರೆ? ಹೊಸ ಮಂಡಿಯಲ್ಲಿ ಚಾರ್ಮಾಡಿ ಘಾಟಿಯ ತಿರುವುಗಳನ್ನು ಎಷ್ಟು ಸಲ ಇಳಿದು ಹತ್ತುತ್ತೀರಿ? ಹಾಸನ, ಚಿಕ್ಕಮಗಳೂರಿನಲ್ಲೇ ಈ ಆಪರೇಷನ್ ನಿಯಮಿತವಾಗಿ ಮಾಡುವ ಸರ್ಜನ್ ಸಿಕ್ಕರೆ, ತಿಂಗಳಿಗೆ ಎಷ್ಟು ಮಂಡಿ ಮಾಡುತ್ತೀರಿ ಅಂತ ನೇರವಾಗಿ ಕೇಳಿ. ರೋಬೋಟ್ ಇದೆಯಾ ಅನ್ನುವುದಕ್ಕಿಂತ ಆ ಪ್ರಶ್ನೆ ಮುಖ್ಯ. ರೋಬೋಟ್‌ನಿಂದ ಮಾಡಿದ ಮಂಡಿ ಹೆಚ್ಚು ವರ್ಷ ಬಾಳುತ್ತದೆ ಅನ್ನಲು ಇನ್ನೂ ಗಟ್ಟಿ ಪುರಾವೆ ಇಲ್ಲ.

ಖರ್ಚಿನ ಬಗ್ಗೆ ಒಂದು ವಿಷಯ ತಿಳಿದಿರಲಿ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮಂಡಿ ಇಂಪ್ಲಾಂಟ್‌ಗಳಿಗೆ ಗರಿಷ್ಠ ಬೆಲೆ ಕಟ್ಟಿತು. ಹೆಚ್ಚಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ ಆಗ ನಿಗದಿಯಾದದ್ದು ತೆರಿಗೆ ಬಿಟ್ಟು 54,720 ರೂಪಾಯಿ. ಆಮೇಲೆ ಮೊತ್ತ ಬದಲಾಗಿರಬಹುದು, ಆದರೆ ಇಂಪ್ಲಾಂಟ್‌ನ ಬೆಲೆಯನ್ನು ಬಿಲ್ಲಿನಲ್ಲಿ ಬೇರೆಯಾಗಿ ತೋರಿಸಿ ಅಂತ ಕೇಳಿ. ಅದರ ಸ್ಟಿಕ್ಕರ್ ಅಂಟಿಸಿದ ಡಿಸ್ಚಾರ್ಜ್ ಹಾಳೆಯನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಇಪ್ಪತ್ತು ವರ್ಷದ ಮೇಲೂ ಬೇಕಾಗಬಹುದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಇರುವವರು ಅಡ್ಮಿಟ್ ಆಗುವ ಮುಂಚೆಯೇ ಆಸ್ಪತ್ರೆಯ ಯೋಜನಾ ಕೌಂಟರ್‌ನಲ್ಲಿ ವಿಚಾರಿಸಬೇಕು. ಆಪರೇಷನ್ ಆದಮೇಲೆ ಕಾರ್ಡ್ ತೋರಿಸಿದರೆ ಪ್ರಯೋಜನ ಇಲ್ಲ.

ಎಡಮಂಡಿಯ ವ್ಯಾಯಾಮವನ್ನು ಈ ಅಮ್ಮ ಆಪರೇಷನ್ ಆದಮೇಲೂ ಬಿಡಬಾರದು. ಬಲಗಾಲು ಚೇತರಿಸಿಕೊಳ್ಳುವ ಆರು ವಾರ ಹೆಚ್ಚಿನ ಭಾರ ಹೊರುವುದು ಆ ಕಾಲೇ. ಬಲಗಾಲು ಗಟ್ಟಿಯಾದ ಮೇಲೆ, ವರ್ಷಕ್ಕೊಮ್ಮೆ ಎಡಮಂಡಿಯ ಬಗ್ಗೆಯೂ ಅವೇ ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು: ಎಷ್ಟು ಸಲ ನಿಲ್ಲುತ್ತೇನೆ, ರಾತ್ರಿ ಎಚ್ಚರ ಆಗುತ್ತಾ, ವಾರಕ್ಕೆ ಎಷ್ಟು ಮಾತ್ರೆ.